W ಮುಂದಿನ ಮೈನಸ್ ಎಲ್ಲಿಂದ ಬಂತು?

(ಪದವಿಪೂರ್ವ ಕಾಲೇಜುಗಳ ವಿದ್ಯಾರ್ಥಿಗಳು ಮತ್ತು ಉಪನ್ಯಾಸಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ಓದುವವರು ಉಷ್ಣಗತಿವಿಜ್ಞಾನದ ಮೊದಲ ನಿಯಮವನ್ನು ಒಂದೇ ವರ್ಷದಲ್ಲಿ ಎರಡು ಸಲ ಕಲಿಯುತ್ತಾರೆ. ಎನ್‌ಸಿಇಆರ್‌ಟಿಯ ಭೌತಶಾಸ್ತ್ರ ಪುಸ್ತಕದಲ್ಲಿ ಅದು ΔQ = ΔU + ΔW ಎಂದಿದೆ. ಅದೇ ಸಂಸ್ಥೆಯ ರಸಾಯನಶಾಸ್ತ್ರ ಪುಸ್ತಕದಲ್ಲಿ ΔU = q + w ಎಂದಿದೆ. ಮೊದಲನೆಯದರಲ್ಲಿ ΔU ಅನ್ನು ಒಂದು ಕಡೆಗೆ ತಂದರೆ ΔU = Q − W ಆಗುತ್ತದೆ. ಒಂದು ಕಡೆ ಮೈನಸ್, ಇನ್ನೊಂದು ಕಡೆ ಪ್ಲಸ್. ಇಷ್ಟು ನೋಡಿದ ಕೂಡಲೇ "ಯಾವುದು ಸರಿ?" ಎಂಬ ಪ್ರಶ್ನೆ ಬರುತ್ತದೆ. "ಎರಡೂ ಸರಿ, ಚಿಹ್ನೆ ಬೇರೆ ಅಷ್ಟೇ" ಎಂದು ಉತ್ತರಿಸಿ ಮುಂದೆ ಹೋಗುವುದು ವಾಡಿಕೆ. ಆ ಉತ್ತರ ತಪ್ಪಲ್ಲ, ಆದರೆ ಪರೀಕ್ಷೆಯಲ್ಲಿ ಅದರಿಂದ ಯಾರಿಗೂ ಉಪಯೋಗವಾಗುವುದಿಲ್ಲ. ಚಿಹ್ನೆ ಎಲ್ಲಿ ಬೇರೆಯಾಗುತ್ತದೆ, ಎಲ್ಲಿ ಆಗುವುದಿಲ್ಲ, ಕೆಟ್ಟ ಲೆಕ್ಕವನ್ನು ಹೇಗೆ ಹಿಡಿಯುವುದು ಎಂಬುದು ಗೊತ್ತಾಗಬೇಕು.

ಮೊದಲು ಒಂದು ಲೆಕ್ಕವನ್ನೇ ಎತ್ತಿಕೊಳ್ಳೋಣ. ಪಿಸ್ಟನ್ ಇರುವ ಸಿಲಿಂಡರಿನಲ್ಲಿ 2 ಲೀಟರ್ ಹೀಲಿಯಂ ಇದೆ. ತಾಪ 300 K, ಒತ್ತಡ 1 ಬಾರ್, ಅಂದರೆ 1,00,000 ಪ್ಯಾಸ್ಕಲ್. ಪಿಸ್ಟನ್ ಮೇಲಿನ ಭಾರವನ್ನು ಬದಲಿಸದೆ ಕೆಳಗಿನಿಂದ ನಿಧಾನವಾಗಿ ಕಾಯಿಸುತ್ತೇವೆ. ಒತ್ತಡ 1 ಬಾರ್‌ನಲ್ಲೇ ನಿಂತು, ಅನಿಲ ಹಿಗ್ಗಿ 5 ಲೀಟರ್ ಆಗುತ್ತದೆ. PV = nRT ಪ್ರಕಾರ ಗಾತ್ರ ಎರಡೂವರೆ ಪಟ್ಟಾದರೆ ತಾಪವೂ ಎರಡೂವರೆ ಪಟ್ಟಾಗಬೇಕು, ಅಂದರೆ 750 K. ಇದರಲ್ಲಿ ಇನ್ನೂ ಯಾವ ಚಿಹ್ನೆಯೂ ಬಂದಿಲ್ಲ. ಒತ್ತಡಮಾಪಕ, ಅಳತೆಪಟ್ಟಿ, ತಾಪಮಾಪಕ ಇಷ್ಟಿದ್ದರೆ ಸಾಕು.

ಹೀಲಿಯಂ ಏಕಪರಮಾಣು ಅನಿಲವಾದ್ದರಿಂದ ಅದರ ಆಂತರಿಕ ಶಕ್ತಿಯ ಬದಲಾವಣೆ (3/2)nRΔT. ನಮ್ಮ ಅನಿಲಕ್ಕೆ nR ಎಂದರೆ PV/T, ಅಂದರೆ 200 ಜೂಲ್ ಭಾಗಿಸು 300, ಮೂರನೇ ಎರಡು. ಅದರ ಒಂದೂವರೆ ಪಟ್ಟು ಸರಿಯಾಗಿ 1. ಅಂದರೆ ಈ ಹೀಲಿಯಂನ ತಾಪ ಒಂದು ಕೆಲ್ವಿನ್ ಏರಿದರೆ ಆಂತರಿಕ ಶಕ್ತಿ ಒಂದು ಜೂಲ್ ಏರುತ್ತದೆ. ತಾಪ 450 K ಏರಿದೆ, ಆದ್ದರಿಂದ ΔU = +450 J. ಇದನ್ನು ಕಂಡುಹಿಡಿಯಲು ಮೊದಲ ನಿಯಮವೇ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಮುಂದೆ ಇದೇ ನಮ್ಮ ಸಾಕ್ಷಿ.

ಹಿಗ್ಗುವಾಗ ಅನಿಲ ಪಿಸ್ಟನ್ನನ್ನು ತಳ್ಳಿದೆ. ಒತ್ತಡ 1,00,000 Pa, ಗಾತ್ರದ ಹೆಚ್ಚಳ 0.003 ಘನಮೀಟರ್, ಗುಣಿಸಿದರೆ 300 ಜೂಲ್. ಕೊಟ್ಟ ಉಷ್ಣ (5/2)PΔV, ಅಂದರೆ 750 ಜೂಲ್. 750 ಜೂಲ್ ಒಳಗೆ ಹೋಯಿತು, 300 ಜೂಲ್ ಹೊರಗೆ ಬಂತು, 450 ಜೂಲ್ ಉಳಿಯಿತು. ಮಾತಿನಲ್ಲಿ ಹೇಳಿದಾಗ ಯಾರಿಗೂ ತಕರಾರಿಲ್ಲ.

ತಕರಾರು ಹುಟ್ಟುವುದು ಆ 300ಕ್ಕೆ ಹೆಸರಿಡುವಾಗ. ಭೌತಶಾಸ್ತ್ರದ ಪುಸ್ತಕದಲ್ಲಿ W ಎಂದರೆ ಅನಿಲವು ಸುತ್ತಲಿನ ಮೇಲೆ ಮಾಡಿದ ಕೆಲಸ. ಹಾಗಾಗಿ W = +300 J, ΔU = 750 − 300 = 450 J. ರಸಾಯನಶಾಸ್ತ್ರದ ಪುಸ್ತಕದಲ್ಲಿ w ಎಂದರೆ ಸುತ್ತಲಿನದು ಅನಿಲದ ಮೇಲೆ ಮಾಡಿದ ಕೆಲಸ. ಇಲ್ಲಿ ಅನಿಲವೇ ಕೆಲಸ ಮಾಡಿದೆ, ಆದ್ದರಿಂದ w = −300 J, ΔU = 750 + (−300) = 450 J. ಎರಡು ಪುಸ್ತಕಗಳಲ್ಲಿ ಇರುವುದು ಒಂದೇ ರಾಶಿಯ ಎರಡು ಚಿಹ್ನೆಗಳಲ್ಲ. ಅವು ಎರಡು ಬೇರೆ ರಾಶಿಗಳು, ಒಂದರ ಋಣ ಇನ್ನೊಂದು; ಇಬ್ಬರೂ ಒಂದೇ ಅಕ್ಷರ ಬಳಸಿದ್ದರಿಂದ ಗೊಂದಲ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಯಾರು ಯಾರ ಮೇಲೆ ಮಾಡಿದ ಕೆಲಸ ಎಂದು W ಪಕ್ಕದಲ್ಲಿ ಬರೆದುಬಿಟ್ಟರೆ ಚಿಹ್ನೆಯ ಬಗ್ಗೆ ನೆನಪಿಡಬೇಕಾದ್ದೇ ಇಲ್ಲ.

ಈಗ ಎರಡನ್ನೂ ಬೆರೆಸಿ ನೋಡಿ. ಕೆಲಸವನ್ನು ಭೌತಶಾಸ್ತ್ರದ PΔV ಸೂತ್ರದಿಂದ ತೆಗೆದು, ಸಮೀಕರಣವನ್ನು ರಸಾಯನಶಾಸ್ತ್ರದಿಂದ ತಂದರೆ ΔU = 750 + 300 = 1050 J. ನಮ್ಮ ಅನಿಲಕ್ಕೆ ಒಂದು ಜೂಲಿಗೆ ಒಂದು ಕೆಲ್ವಿನ್. ಹಾಗಾದರೆ ತಾಪ 1350 K ಆಗಬೇಕು. ಆದರೆ PV = nRT ಹೇಳಿದ್ದು 750 K. ಲೆಕ್ಕ ಕೆಟ್ಟಿದೆ ಎಂದು ತಿಳಿಯಲು ಉತ್ತರಪತ್ರಿಕೆಯ ಕೀ ಬೇಕಾಗಿಲ್ಲ. ಬೆರಕೆಯಿಂದ ಬರುವ ತಪ್ಪು ಯಾವಾಗಲೂ ಕೆಲಸದ ಎರಡು ಪಟ್ಟು ಇರುತ್ತದೆ, ಇಲ್ಲಿ 600 ಜೂಲ್. ನಿಮ್ಮ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ಇರುವ ವ್ಯತ್ಯಾಸ ಸರಿಯಾಗಿ 2PΔV ಇದ್ದರೆ ಬೇರೆಲ್ಲೂ ಹುಡುಕಬೇಡಿ. ತಾಪದ ಲೆಕ್ಕ ಮಾಡುವಷ್ಟು ಮಾಹಿತಿ ಇಲ್ಲದಿದ್ದರೂ ಇನ್ನೊಂದು ಕುರುಹು ಇದೆ: ಅನಿಲ ಹಿಗ್ಗುತ್ತಾ ಹೊರಗೆ ಶಕ್ತಿ ಕೊಡುತ್ತಿದೆ, ಆದರೂ ಅದರೊಳಗೆ ಸೇರಿದ ಶಕ್ತಿ ನಾವು ಕೊಟ್ಟ ಉಷ್ಣಕ್ಕಿಂತ ಹೆಚ್ಚು ಎಂದು ಉತ್ತರ ಬಂದರೆ ಅದು ಆಗದ ಮಾತು.

ಇದೇ ದಾರಿಯಲ್ಲಿ ಹಿಂದಕ್ಕೆ ಬಂದಾಗ ಇನ್ನೊಂದು ತಪ್ಪು ಕಾಯುತ್ತಿರುತ್ತದೆ. ಅನಿಲವನ್ನು ತಣಿಸಿ 5 ಲೀಟರಿನಿಂದ 2 ಲೀಟರಿಗೆ ತರುತ್ತೇವೆ. ರಸಾಯನಶಾಸ್ತ್ರದ ಸೂತ್ರ w = −pΔV. ΔV ಎಂದರೆ ಕೊನೆಯದು ಕಳೆ ಮೊದಲಿನದು: 2 − 5 = −3 ಲೀಟರ್. ಆದ್ದರಿಂದ w = −(1,00,000)(−0.003) = +300 J. ಸೂತ್ರವೇ ಚಿಹ್ನೆಯನ್ನು ನೋಡಿಕೊಂಡಿತು. ಆದರೆ ಬಹಳ ಜನ "ಗಾತ್ರದ ಬದಲಾವಣೆ 3 ಲೀಟರ್" ಎಂದು ಮೊದಲೇ ಧನಸಂಖ್ಯೆ ಬರೆದುಕೊಂಡು, ಸೂತ್ರದ ಮೈನಸ್ ಹಾಕಿ −300 ಎನ್ನುತ್ತಾರೆ. ಕೆಲವರು ಸರಿಯಾಗಿ +300 ತಂದ ಮೇಲೆ "ಸಂಕುಚನ ಅಲ್ಲವೇ, ಋಣ ಇರಬೇಕು" ಎಂದು ಭೌತಶಾಸ್ತ್ರದ ನೆನಪಿನಿಂದ ಇನ್ನೊಂದು ಮೈನಸ್ ಸೇರಿಸುತ್ತಾರೆ. ಚಿಹ್ನೆಯನ್ನು ಸೂತ್ರಕ್ಕೆ ಬಿಡಬೇಕು, ಇಲ್ಲವೇ ಪೂರ್ತಿ ತಲೆಯಿಂದ ಹಾಕಬೇಕು. ಅರ್ಧ ಅದು ಅರ್ಧ ಇದು ಮಾಡಿದಾಗಲೇ ಮೋಸವಾಗುವುದು.

ಇನ್ನು, ಪುಸ್ತಕಗಳು ಏಕೆ ಬೇರೆಯಾದವು?

ಉಷ್ಣಗತಿವಿಜ್ಞಾನ ಹುಟ್ಟಿದ್ದು ಆವಿಯಂತ್ರದ ಪಕ್ಕದಲ್ಲಿ. ಸಾದಿ ಕಾರ್ನೊ 1824ರಲ್ಲಿ ಕೇಳಿದ ಪ್ರಶ್ನೆ ಉಷ್ಣದಿಂದ ಎಷ್ಟು ಕೆಲಸ ಪಡೆಯಬಹುದು ಎಂಬುದು. ಅದಕ್ಕೂ ಮೊದಲು, 18ನೇ ಶತಮಾನದ ಕೊನೆಯಲ್ಲೇ, ಜೇಮ್ಸ್ ವಾಟ್‌ನ ಕಾರ್ಖಾನೆಯಲ್ಲಿ ಯಂತ್ರದ ಸಿಲಿಂಡರಿನ ಒತ್ತಡ ಮತ್ತು ಪಿಸ್ಟನ್ನಿನ ಚಲನೆಯನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವ ಉಪಕರಣ ಬಂದಿತ್ತು. ಆ ಗೆರೆ ಸುತ್ತುವರಿದ ವಿಸ್ತೀರ್ಣವೇ ಯಂತ್ರ ಕೊಟ್ಟ ಕೆಲಸ. ಇಂದು ನಾವು P–V ನಕ್ಷೆಯಲ್ಲಿ ಬಲಸುತ್ತಿನ ಆವೃತ್ತದ ಕೆಲಸವನ್ನು ಧನ ಎನ್ನುವುದು ಆ ಕಾಲದ ನಂಟು. ಕಲ್ಲಿದ್ದಲಿಗೆ ದುಡ್ಡು ಕೊಟ್ಟವನಿಗೆ ಒಳಗೆ ಹಾಕಿದ ಉಷ್ಣವೂ ಧನ, ಹೊರಗೆ ಬಂದ ಕೆಲಸವೂ ಧನ. ರುಡಾಲ್ಫ್ ಕ್ಲಾಸಿಯಸ್ 1850ರಲ್ಲಿ ಮೊದಲ ನಿಯಮವನ್ನು ಸಮೀಕರಣವಾಗಿ ಬರೆದಾಗಲೂ ಅದೇ ಬಗೆ: ಅನಿಲಕ್ಕೆ ಕೊಟ್ಟ ಉಷ್ಣ ಒಂದು ಪಾಲು U ಎಂಬ ರಾಶಿಯನ್ನು ಹೆಚ್ಚಿಸುತ್ತದೆ, ಇನ್ನೊಂದು ಪಾಲು ಹಿಗ್ಗುವಾಗ ಮಾಡಿದ ಕೆಲಸಕ್ಕೆ ಹೋಗುತ್ತದೆ. ಉಷ್ಣ ಎಡಕ್ಕೆ, ಅದರ ಎರಡು ಖರ್ಚುಗಳು ಬಲಕ್ಕೆ. ನಮ್ಮ ಭೌತಶಾಸ್ತ್ರ ಪುಸ್ತಕದ ΔQ = ΔU + ΔW ಅದೇ ವಾಕ್ಯ.

ರಸಾಯನಶಾಸ್ತ್ರಜ್ಞನ ಮೇಜಿನ ಮೇಲಿರುವುದು ಯಂತ್ರವಲ್ಲ, ಪಾತ್ರೆಯೊಳಗಿನ ವಸ್ತು. ಅವನು ಬರೆಯುವುದು ಆ ವಸ್ತುವಿನ ಜಮಾ-ಖರ್ಚು. ಒಳಗೆ ಬಂದದ್ದು ಯಾವ ರೂಪದಲ್ಲಿ ಬಂದರೂ ಜಮಾ, ಹೊರಗೆ ಹೋದದ್ದು ಯಾವ ರೂಪದಲ್ಲಿ ಹೋದರೂ ಖರ್ಚು. ಉಷ್ಣಕ್ಕೆ ಒಂದು ನಿಯಮ, ಕೆಲಸಕ್ಕೆ ಇನ್ನೊಂದು ನಿಯಮ ಇಡಲು ಅಲ್ಲಿ ಕಾರಣವೇ ಇಲ್ಲ. ಐಯುಪಿಎಸಿ ಶಿಫಾರಸು ಮಾಡಿರುವುದು ಇದನ್ನೇ. ನಮ್ಮ ರಸಾಯನಶಾಸ್ತ್ರ ಪುಸ್ತಕವೂ ಹಿಂದೆ ಚಿಹ್ನೆ ತಿರುಗುಮುರುಗು ಇತ್ತು, ಭೌತಶಾಸ್ತ್ರದಲ್ಲಿ ಈಗಲೂ ಹಾಗೇ ಇದೆ ಎಂದು ಅಡಿಟಿಪ್ಪಣಿಯ ಧಾಟಿಯಲ್ಲಿ ಹೇಳಿ ಮುಗಿಸುತ್ತದೆ. ಓದುವವರು ಅದನ್ನು ದಾಟಿಹೋಗುವುದೇ ಹೆಚ್ಚು. ಹಾಗಂತ ಇದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಜಗಳ ಎಂದುಕೊಳ್ಳಬೇಡಿ. ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಕೂಡ ಎರಡನ್ನೂ ಕೂಡುವ ರೂಪವನ್ನೇ ಬಳಸಿದ್ದರು.

ರಸಾಯನಶಾಸ್ತ್ರದ ಸೂತ್ರದಲ್ಲಿ ಒತ್ತಡಕ್ಕೆ p ಎಂದಷ್ಟೇ ಇಲ್ಲದೆ, ಹೊರಗಿನ ಒತ್ತಡ p_ex ಎಂದಿರುವುದಕ್ಕೂ ಈ ನೋಟಕ್ಕೂ ಸಂಬಂಧವಿದೆ. ಪಿಸ್ಟನ್ ಮೇಲೆ ದಿಢೀರನೆ ಭಾರ ಇಟ್ಟರೆ ಅನಿಲ ಕಲಕಿಹೋಗುತ್ತದೆ. ಒಳಗೆ ಎಲ್ಲ ಕಡೆಗೂ ಒಂದೇ ಒತ್ತಡ ಎಂಬುದೇ ಇರುವುದಿಲ್ಲ. ಆಗ ಅಳೆಯಲು ಸಿಗುವುದು ಹೊರಗಿನ ಭಾರ ಮತ್ತು ಅದು ಎಷ್ಟು ಇಳಿಯಿತು ಎಂಬುದು ಮಾತ್ರ. ಹೊರಗಿನದು ಒಳಗಿನದರ ಮೇಲೆ ಮಾಡಿದ ಕೆಲಸ ಎಂದು ಲೆಕ್ಕ ಇಡುವುದು ಅಲ್ಲಿ ಸಹಜ. ನಿಧಾನವಾಗಿ ನಡೆಯುವ ಕ್ರಿಯೆಯಲ್ಲಿ ಒಳಗಿನ ಒತ್ತಡ, ಹೊರಗಿನ ಒತ್ತಡ ಎರಡೂ ಒಂದೇ, ಆದ್ದರಿಂದ ವ್ಯತ್ಯಾಸ ಕಾಣುವುದಿಲ್ಲ. ನಿರ್ವಾತದೊಳಕ್ಕೆ ಅನಿಲ ನುಗ್ಗಿದಾಗ ಮಾತ್ರ ಎದ್ದು ಕಾಣುತ್ತದೆ: ಹೊರಗಿನ ಒತ್ತಡ ಸೊನ್ನೆ, ಕೆಲಸವೂ ಸೊನ್ನೆ. ಅಲ್ಲಿ ಅನಿಲದ ಒತ್ತಡವನ್ನು ಹಾಕಿ ಗುಣಿಸಿ, ಉತ್ತರ ಬಾರದಿದ್ದಾಗ ಚಿಹ್ನೆಯನ್ನು ದೂರುವವರಿದ್ದಾರೆ. ತಪ್ಪು ಚಿಹ್ನೆಯದಲ್ಲ, ಒತ್ತಡದ್ದು.

ಚಿಹ್ನೆ ಬದಲಾಗದ ಜಾಗಗಳನ್ನೂ ಹೇಳಬೇಕು, ಏಕೆಂದರೆ ಭಯಬಿದ್ದವರು ಅಲ್ಲೂ ಚಿಹ್ನೆ ತಿರುಗಿಸುತ್ತಾರೆ. dU = TdS − PdV ಎಂಬುದು ಯಾವ ಪುಸ್ತಕದಲ್ಲಿ ನೋಡಿದರೂ ಹೀಗೇ ಇರುತ್ತದೆ. ಇದರಲ್ಲಿ W ಇಲ್ಲ. ಇರುವುದೆಲ್ಲ ಅಳೆಯಬಹುದಾದ, ಸ್ಥಿತಿಯಿಂದಲೇ ನಿರ್ಧಾರವಾಗುವ ರಾಶಿಗಳು, ಯಾರೂ ಅವುಗಳ ದಿಕ್ಕನ್ನು ಆರಿಸಿಕೊಂಡಿಲ್ಲ. ಹಿಗ್ಗಿದಾಗ ಶಕ್ತಿ ಕಡಿಮೆಯಾಗುತ್ತದೆ ಎಂದು ಆ ಮೈನಸ್ ಹೇಳುತ್ತದೆ. ಅದು ನಿಸರ್ಗದ ಮೈನಸ್. H = U + PV ಕೂಡ ಹಾಗೆಯೇ. ರಸಾಯನಶಾಸ್ತ್ರ ಕಲಿತವರು "ನಮ್ಮಲ್ಲಿ ಪ್ಲಸ್" ಎಂದುಕೊಂಡು dU = TdS + PdV ಎಂದು ಬರೆದರೆ, ಹಿಗ್ಗಿದ ಅನಿಲಕ್ಕೆ ಶಕ್ತಿ ಪುಕ್ಕಟೆ ಸಿಕ್ಕಂತಾಗುತ್ತದೆ.

ಹೊಸ ಪುಸ್ತಕ ಕೈಗೆ ಬಂದಾಗ ಅದರ ಪದ್ಧತಿ ಯಾವುದೆಂದು ಪತ್ತೆಮಾಡಲು ಉಷ್ಣಬಂಧಿತ ಸಂಕುಚನದ ಪುಟ ತೆಗೆಯಿರಿ. ಉಷ್ಣದ ಹಂಗಿಲ್ಲದ್ದರಿಂದ ಅಲ್ಲಿ ಕೆಲಸ ಒಂಟಿಯಾಗಿ ಸಿಗುತ್ತದೆ. ನಮ್ಮ ಹೀಲಿಯಂ 300 K, 2 ಲೀಟರಿನಲ್ಲಿದ್ದಾಗ ಸಿಲಿಂಡರಿಗೆ ಹೊದಿಕೆ ಹಾಕಿ, ಪಿಸ್ಟನ್ ಒತ್ತಿ, ಅದರ ಮೇಲೆ 200 ಜೂಲ್ ಕೆಲಸ ಮಾಡಿದೆವು ಎನ್ನಿ. ತಾಪ 500 K ಆಗಲೇಬೇಕು. ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆ ತಾಪ ಏರುವುದರ ಬಗ್ಗೆ ಸಂಶಯ ಇರುವುದಿಲ್ಲ. ಪುಸ್ತಕದ ಸೂತ್ರ W = nR(T₁ − T₂)/(γ − 1) ಎಂದಿದ್ದರೆ ಉತ್ತರ −200 ಬರುತ್ತದೆ, ಅಂದರೆ ಅಲ್ಲಿ W ಅನಿಲ ಮಾಡಿದ ಕೆಲಸ. ಸೂತ್ರ nCv(T₂ − T₁) ಎಂದಿದ್ದರೆ +200, ಅಂದರೆ ಅನಿಲದ ಮೇಲೆ ಮಾಡಿದ ಕೆಲಸ. ನಂತರ ಅದೇ ಪುಸ್ತಕದ ಮೊದಲ ನಿಯಮದಲ್ಲಿ ಈ ಸಂಖ್ಯೆ ಹಾಕಿ ನೋಡಿ: ΔU = +200 ಬಂದರೆ ಪುಸ್ತಕ ತನ್ನ ಮಾತಿಗೆ ತಾನು ಬದ್ಧವಾಗಿದೆ. ಗೈಡುಗಳಲ್ಲಿ ಹಲವು ಸಲ ಬದ್ಧವಾಗಿರುವುದಿಲ್ಲ. ಒಂದು ಅಧ್ಯಾಯ ಒಂದು ಕಡೆಯಿಂದ, ಇನ್ನೊಂದು ಅಧ್ಯಾಯ ಇನ್ನೊಂದು ಕಡೆಯಿಂದ ಬಂದಿರುತ್ತದೆ.

ಒಳ್ಳೆಯ ಪುಸ್ತಕಗಳೂ ಒಂದು ಜಾಗದಲ್ಲಿ ಸದ್ದಿಲ್ಲದೆ ಪದ್ಧತಿ ಬಿಡುತ್ತವೆ. ಅದು ಯಂತ್ರಗಳ ಭಾಗ. ಭೌತಶಾಸ್ತ್ರ ಪುಸ್ತಕದಲ್ಲಿ ಕಾರ್ನೊ ಆವೃತ್ತ ತೆಗೆದು ನೋಡಿ. ನಾಲ್ಕು ಹಂತಗಳ ಒಟ್ಟು ಕೆಲಸವನ್ನು ಮೊದಲ ಎರಡರ ಮೊತ್ತದಿಂದ ಕೊನೆಯ ಎರಡನ್ನು ಕಳೆದು ಬರೆದಿರುತ್ತಾರೆ. ಅಧ್ಯಾಯದ ಆರಂಭದ ಪದ್ಧತಿಯನ್ನೇ ಪಾಲಿಸಿದ್ದರೆ ಸಂಕುಚನದ ಎರಡು ಹಂತಗಳ W ತಾನಾಗಿಯೇ ಋಣವಾಗಿರಬೇಕಿತ್ತು, ನಾಲ್ಕನ್ನೂ ಕೂಡಿದರೆ ಸಾಕಿತ್ತು. ಕಳೆದಿದ್ದಾರೆ ಎಂದರೆ ಆ ಎರಡು ಹಂತಗಳಲ್ಲಿ W ಅನಿಲದ ಮೇಲೆ ಮಾಡಿದ ಕೆಲಸವಾಗಿ ಬದಲಾಗಿದೆ. ಪುಸ್ತಕ ಅದನ್ನು ಮಾತಿನಲ್ಲಿ ಹೇಳುತ್ತದೆ, ಆದರೆ ಸೂತ್ರವನ್ನಷ್ಟೇ ಬಾಯಿಪಾಠ ಮಾಡಿದವರಿಗೆ ಅದು ಕಾಣುವುದಿಲ್ಲ. ಹೊರಹೋದ ಉಷ್ಣ Q₂ ಕೂಡ ಅಲ್ಲಿ ಬರೀ ಪ್ರಮಾಣ, ಚಿಹ್ನೆ ಇಲ್ಲ. ದಕ್ಷತೆ η = 1 − Q₂/Q₁ ಎಂಬ ಸೂತ್ರ ನಿಂತಿರುವುದು ಅದರ ಮೇಲೆ. ಒಂದು ಯಂತ್ರ 1000 J ಪಡೆದು 700 J ಹೊರಬಿಟ್ಟರೆ ದಕ್ಷತೆ 0.3. "ಉಷ್ಣ ಹೊರಗೆ ಹೋಯಿತು, ಆದ್ದರಿಂದ Q₂ = −700" ಎಂದು ನಿಷ್ಠೆಯಿಂದ ಹಾಕಿದವರಿಗೆ 1.7 ಸಿಗುತ್ತದೆ. ಉಷ್ಣದ ಚಿಹ್ನೆಯ ಬಗ್ಗೆ ಎಲ್ಲ ಪುಸ್ತಕಗಳಿಗೂ ಒಮ್ಮತವಿದೆ, ಒಳಗೆ ಬಂದದ್ದು ಧನ ಎಂದು ನಾವು ಕಲಿಸುತ್ತೇವೆ. ಆ ಒಮ್ಮತ ಯಂತ್ರದ ಅಧ್ಯಾಯದವರೆಗೆ ಮಾತ್ರ. ಅಡುಗೆ ಅನಿಲದ ಕ್ಯಾಲರಿ ಮೌಲ್ಯವನ್ನೂ ಧನಸಂಖ್ಯೆಯಾಗಿಯೇ ಮುದ್ರಿಸುತ್ತಾರೆ, ಅದೇ ದಹನದ ΔH ಋಣ ಎಂದು ರಸಾಯನಶಾಸ್ತ್ರದಲ್ಲಿ ಬರೆಯುತ್ತೇವೆ.

ಎಂಜಿನಿಯರಿಂಗ್ ಸೇರಿದವರಿಗೆ ಇದು ಇನ್ನಷ್ಟು ಸಹಜ. ಉಷ್ಣ ವಿದ್ಯುತ್ ಸ್ಥಾವರದ ಲೆಕ್ಕದಲ್ಲಿ ಟರ್ಬೈನ್ ಕೊಟ್ಟ ಕೆಲಸ, ಪಂಪ್ ತಿಂದ ಕೆಲಸ ಎರಡನ್ನೂ ಧನವಾಗಿಯೇ ಬರೆದು ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ನೀರನ್ನು 10 ಕಿಲೋಪ್ಯಾಸ್ಕಲ್‌ನಿಂದ 6 ಮೆಗಾಪ್ಯಾಸ್ಕಲ್‌ಗೆ ಏರಿಸಲು ಪಂಪಿಗೆ, ನಷ್ಟಗಳನ್ನು ಬಿಟ್ಟರೆ, ಒಂದು ಕಿಲೋಗೆ ಸುಮಾರು 6 ಕಿಲೋಜೂಲ್ ಬೇಕು. ಟರ್ಬೈನಿನಿಂದ ಬರುವುದು ನೂರಾರು ಕಿಲೋಜೂಲ್. ಇಲ್ಲಿ ಚಿಹ್ನೆ ತಪ್ಪಿದರೂ ಉತ್ತರ ಒಂದೆರಡು ಪ್ರತಿಶತವಷ್ಟೇ ಬದಲಾಗುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಅನಿಲ ಟರ್ಬೈನಿನಲ್ಲಿ ಹಾಗಲ್ಲ. ಅಲ್ಲಿ ಗಾಳಿ ಒತ್ತುವ ಕಂಪ್ರೆಸರೇ ಟರ್ಬೈನಿನ ಕೆಲಸದ ದೊಡ್ಡ ಪಾಲನ್ನು ನುಂಗುತ್ತದೆ, ಚಿಹ್ನೆ ತಪ್ಪಿದರೆ ಇಡೀ ಉತ್ತರ ಹಾಳು. ಹೊಸ ಎಂಜಿನಿಯರಿಂಗ್ ಪುಸ್ತಕಗಳು W_in, W_out ಎಂದು ಅಡಿಬರಹ ಹಾಕುವುದು ಇದಕ್ಕೇ. ಪಿಯು ಮಟ್ಟದಲ್ಲೂ ಆ ಅಭ್ಯಾಸ ಬರಬೇಕೆಂಬುದು ನನ್ನ ಅಭಿಪ್ರಾಯ.

ರಸಾಯನಶಾಸ್ತ್ರದ ಪದ್ಧತಿಗೆ ನಿಜವಾದ ಬೆಲೆ ಬರುವುದು ದ್ವಿತೀಯ ಪಿಯುಸಿಯ ವಿದ್ಯುದ್ರಸಾಯನದಲ್ಲಿ. ಡೇನಿಯಲ್ ಕೋಶದ ವಿಭವ 1.10 ವೋಲ್ಟ್, ಸಾಗುವ ಎಲೆಕ್ಟ್ರಾನ್ 2, ಫ್ಯಾರಡೆ 96,500 ಕೂಲಂ. ಗುಣಿಸಿದರೆ ಮೋಲ್‌ಗೆ ಸುಮಾರು 212 ಕಿಲೋಜೂಲ್, ಕೋಶ ಹೊರಗೆ ಕೊಡಬಲ್ಲ ಗರಿಷ್ಠ ವಿದ್ಯುತ್ ಕೆಲಸ. ಕೋಶದ ಮೇಲೆ ಮಾಡಿದ ಕೆಲಸ ಎಂದು ಬರೆದರೆ −212. ΔG = −nFE ಕೂಡ −212. ಅಂದರೆ ರಸಾಯನಶಾಸ್ತ್ರದ w ಬಳಸಿದರೆ ಗಿಬ್ಸ್ ಶಕ್ತಿಯ ಬದಲಾವಣೆಯೇ ನೇರವಾಗಿ ಆ ಕೆಲಸ, ನಡುವೆ ಮೈನಸ್ ಬೇಕಿಲ್ಲ. ಭೌತಶಾಸ್ತ್ರದ W ಬಳಸಿದರೆ W = −ΔG ಎಂದು ಪ್ರತಿ ಸಲ ನೆನಪಿಡಬೇಕು. ಸ್ವಯಂಪ್ರೇರಿತ ಕ್ರಿಯೆಗೆ ΔG ಋಣ ಎಂಬುದು ಮಾತ್ರ ಎರಡರಲ್ಲೂ ಒಂದೇ. ಅದು ಸ್ಥಿತಿಯ ರಾಶಿ.

ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಒಂದು ಮಾತು. "ಸ್ಥಿರ ಒತ್ತಡ 1 ಬಾರ್‌ನಲ್ಲಿ ಅನಿಲ 2 ಲೀಟರಿನಿಂದ 5 ಲೀಟರಿಗೆ ಹಿಗ್ಗಿದೆ, ಕೆಲಸ ಕಂಡುಹಿಡಿಯಿರಿ" ಎಂಬ ಪ್ರಶ್ನೆಗೆ +300 ಮತ್ತು −300 ಎರಡೂ ಸರಿಯುತ್ತರ. ಬಹುಆಯ್ಕೆಯ ಪ್ರಶ್ನೆಯಲ್ಲಿ ಎರಡನ್ನೂ ಕೊಟ್ಟರೆ ವಿದ್ಯಾರ್ಥಿ ಊಹಿಸಬೇಕಾದ್ದು ಅನಿಲವನ್ನಲ್ಲ, ಪ್ರಶ್ನೆ ಬರೆದವರ ವಿಭಾಗವನ್ನು. "ಅನಿಲವು ಮಾಡಿದ ಕೆಲಸ" ಅಥವಾ "ಅನಿಲದ ಮೇಲೆ ಆದ ಕೆಲಸ" ಎಂದು ಬರೆದರೆ ತಗಾದೆಯೇ ಇಲ್ಲ. ಉತ್ತರ ಬರೆಯುವವರೂ ಅಷ್ಟೇ: ಪ್ರಶ್ನೆ ಅಸ್ಪಷ್ಟವಾಗಿದ್ದರೆ ಸೂತ್ರದ ಮೇಲೆ "W = ಅನಿಲವು ಮಾಡಿದ ಕೆಲಸ" ಎಂದು ಒಂದು ಸಾಲು ಬರೆದು, ಆಮೇಲೆ ಸಂಖ್ಯೆ ಹಾಕಿ.